ಹದಿನೇಳು ಮಂದಿಯ ಬಲಸುತ್ತು

ಧನಲಕ್ಷ್ಮಿಗೆ ಮರೆವು ಹುಟ್ಟಿನಿಂದ ಬಂದದ್ದು. ಮಾಗಡಿಯ ಪಿಯು ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷದಿಂದ ಗಣಿತ ಹೇಳಿಕೊಡುವ ಆಕೆಗೆ ಇವತ್ತಿಗೂ ಏಳೆಂಟ್ಲಿ ಎಷ್ಟು ಎಂದು ಥಟ್ಟನೆ ಕೇಳಿದರೆ ಉತ್ತರ ಬಾಯಿಗೆ ಬರುವುದಿಲ್ಲ. ಏಳೈದ್ಲಿ ಮೂವತ್ತೈದು, ಅದಕ್ಕೆ ಇನ್ನೂ ಮೂರು ಏಳು, ಇಪ್ಪತ್ತೊಂದು, ಒಟ್ಟು ಐವತ್ತಾರು ಎಂದು ಒಳಗೊಳಗೇ ಲೆಕ್ಕ ಮಾಡಿಕೊಂಡು ಹೇಳುತ್ತಾಳೆ. ಚನ್ನಪಟ್ಟಣದ ಶಾಲೆಯಲ್ಲಿ ಓದುವಾಗ ಮೇಷ್ಟ್ರು ಈ ತಡವನ್ನು ದಡ್ಡತನ ಎಂದುಕೊಂಡು ಆಕೆಯನ್ನು ಒಂದು ವರ್ಷವಿಡೀ ಹಿಂದಿನ ಬೆಂಚಿನಲ್ಲಿ ಕೂರಿಸಿದ್ದರು. ಹಿಂದಿನ ಬೆಂಚಿನಲ್ಲಿ ಕೂತವಳಿಗೆ ಒಂದು ವಿಷಯ ಹೊಳೆಯಿತು: ನೆನಪಿದ್ದವರು ಮರೆತಾಗ ಕೈಕಟ್ಟಿ ನಿಲ್ಲುತ್ತಾರೆ, ತನಗೆ ಮರೆಯುವುದಕ್ಕೆ ಏನೂ ಇಲ್ಲ, ಆದ್ದರಿಂದ ನಿಲ್ಲಬೇಕಾದ ಪ್ರಮೇಯವೂ ಇಲ್ಲ. ಆ ಒಂದು ಧೈರ್ಯದ ಮೇಲೆ ಮದುವೆಯಾಗಿ ಮಾಗಡಿಗೆ ಬಂದ ಮೇಲೂ ಮನೆಯಲ್ಲೇ ಓದಿಕೊಂಡು ಎಂಎಸ್ಸಿ ಮುಗಿಸಿದಳು.

ಅತ್ತೆ ಅಂಕಮ್ಮನಿಗೆ ಇದು ಅರ್ಥವಾಗುವ ಸಂಗತಿಯಲ್ಲ. ಯಾವ ವರ್ಷ ಯಾರ ಮನೆಯ ಮದುವೆಯಲ್ಲಿ ಪಾಯಸಕ್ಕೆ ಬೆಲ್ಲ ಕಮ್ಮಿಯಾಗಿತ್ತು ಎನ್ನುವುದೂ ಆಕೆಗೆ ನೆನಪಿದೆ. ಸೊಸೆ ಕುಕ್ಕರ್ ಎಷ್ಟು ಸಲ ಕೂಗಿತು ಎಂದು ಮರೆತು ನಿಂತಾಗಲೆಲ್ಲ, "ನಿನ್ ತಲೆ ಏನವ್ವ, ರಾಗಿ ಜರಡಿನಾ? ಇಂಥೋಳ್ನ ಲೆಕ್ಕದ ಮೇಡಂ ಅಂತ ಯಾರು ಮಾಡ್ಬುಟ್ರೋ" ಎನ್ನುತ್ತಾಳೆ. ಧನಲಕ್ಷ್ಮಿ ನಕ್ಕು ಅನ್ನವನ್ನು ಮುಟ್ಟಿ ನೋಡುತ್ತಾಳೆ. ಬೆಂದಿದ್ದರೆ ಇಳಿಸುತ್ತಾಳೆ. ಸೀಟಿ ಎಣಿಸುವುದಕ್ಕಿಂತ ಅದೇ ಸರಿಯಾದ ದಾರಿ ಎಂಬುದು ಆಕೆಯ ನಂಬಿಕೆ.

ಫಸ್ಟ್ ಪಿಯುಸಿಯಲ್ಲಿ ಕಾಂಪ್ಲೆಕ್ಸ್ ನಂಬರ್ ಪಾಠ ಬಂದಾಗ ಪ್ರತಿ ವರ್ಷವೂ ಆಕೆಗೆ ಸಂಕಟ. ಮಕ್ಕಳು ಸೂತ್ರಗಳನ್ನು ದೇವರ ನಾಮ ಹೇಳಿದ ಹಾಗೆ ಒಪ್ಪಿಸುತ್ತಾರೆ, ಒಂದು ಕಡೆ ತಪ್ಪಿದರೆ ಮತ್ತೆ ಮೊದಲಿಂದ ಶುರು ಮಾಡುತ್ತಾರೆ. ಈ ವರ್ಷ ಆಕೆ ಒಂದು ಭಾನುವಾರ ಕೂತು ಎರಡು ಪುಟದ ನೋಟು ಬರೆದು, ಫೋಟೋ ತೆಗೆದು ತರಗತಿಯ ವಾಟ್ಸಾಪ್ ಗ್ರೂಪಿಗೆ ಹಾಕಿದಳು. ಅದು ಶುರುವಾಗುವುದು ಹೀಗೆ:

"ಮಕ್ಕಳೇ, ಈ ಪಾಠದಲ್ಲಿ ಬಾಯಿಪಾಠ ಮಾಡುವಂಥದ್ದು ಏನೂ ಇಲ್ಲ. ಅಂಗಳದಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಲ್ಲಿ. ಪೂರ್ವ ಅಂದರೆ 1, ಪಶ್ಚಿಮ ಅಂದರೆ −1. ಉತ್ತರ i, ದಕ್ಷಿಣ −i. ಯಾವುದನ್ನೇ i ಇಂದ ಗುಣಿಸಿದರೂ ಅದು ಕಾಲು ಸುತ್ತು ತಿರುಗುತ್ತದೆ, ಅಷ್ಟೇ. ಆತ್ಮಪ್ರದಕ್ಷಿಣೆ ಹಾಕುವ ಹಾಗೆ ನಿಂತಲ್ಲೇ ತಿರುಗಿ ನೋಡಿ. ಎರಡು ಸಲ ತಿರುಗಿದರೆ ಮುಖ ಪಶ್ಚಿಮಕ್ಕೆ ಬರುತ್ತದೆ. ಅದಕ್ಕೇ i² = −1. ನಾಲ್ಕು ಸಲ ತಿರುಗಿದರೆ ಹೊರಟಲ್ಲಿಗೇ ಬಂದಿರಿ. ಅದಕ್ಕೇ i⁴ = 1. ಘಾತ ಎಷ್ಟು ದೊಡ್ಡದಿದ್ದರೂ ಹೆದರಬೇಡಿ. ನಾಲ್ಕರಿಂದ ಭಾಗಿಸಿ, ಶೇಷ ಎಷ್ಟೋ ಅಷ್ಟು ಸಲ ತಿರುಗಿ, ಯಾವ ದಿಕ್ಕು ನೋಡುತ್ತಿದ್ದೀರೋ ಅದೇ ಉತ್ತರ. 1/i ಬಂದರೆ ಒಂದು ಕಾಲು ಸುತ್ತು ಉಲ್ಟಾ ತಿರುಗಿ."

ಮುಂದೆ ಕಾಂಜುಗೇಟ್ ವಿಷಯ ಬರೆದಿದ್ದಳು. ಕೆರೆಯ ದಡದಲ್ಲಿ ತೆಂಗಿನ ಮರ ಎಷ್ಟು ಮೇಲಕ್ಕಿರುತ್ತದೋ ನೀರಿನಲ್ಲಿ ಅದರ ಬಿಂಬ ಅಷ್ಟೇ ಕೆಳಕ್ಕೆ ಕಾಣುತ್ತದೆ, ನೀರಿನ ಗೆರೆಯೇ ರಿಯಲ್ ಆಕ್ಸಿಸ್. ಮರವನ್ನೂ ಬಿಂಬವನ್ನೂ ಕೂಡಿದರೆ ಮೇಲಿನದೂ ಕೆಳಗಿನದೂ ಹೊಡೆದುಹೋಗುತ್ತವೆ, ಇಮ್ಯಾಜಿನರಿ ಭಾಗ ಉಳಿಯುವುದಿಲ್ಲ. ಗುಣಿಸುವಾಗ ಉದ್ದಕ್ಕೆ ಉದ್ದ ಗುಣಿಸಿಕೊಳ್ಳುತ್ತದೆ, ತಿರುವಿಗೆ ತಿರುವು ಕೂಡಿಕೊಳ್ಳುತ್ತದೆ. ಮರ ಒಂದು ಕಡೆ ಎಷ್ಟು ತಿರುಗಿದೆಯೋ ಬಿಂಬ ಇನ್ನೊಂದು ಕಡೆಗೆ ಅಷ್ಟೇ ತಿರುಗಿರುವುದರಿಂದ ತಿರುವು ಸೊನ್ನೆಯಾಗಿ, ಉದ್ದದ ವರ್ಗ ಮಾತ್ರ ಉಳಿಯುತ್ತದೆ. z ಎಂಬ ಸಂಖ್ಯೆಯನ್ನು ಅದರ ಕಾಂಜುಗೇಟಿನಿಂದ ಗುಣಿಸಿದರೆ ಮಾಡ್ಯುಲಸ್ಸಿನ, ಅಂದರೆ ಆ ಉದ್ದದ, ವರ್ಗ ಏಕೆ ಬರುತ್ತದೆ ಎಂದು ಇನ್ನು ಯಾರೂ ಕೇಳಬೇಕಾಗಿಲ್ಲ ಎಂದು ಮುಗಿಸಿ, ಕೆಳಗೆ ಅಂಡರ್‌ಲೈನ್ ಮಾಡಿ, "ನೆನಪಿಡಬೇಡಿ, ತಿರುಗಿ ನೋಡಿ" ಎಂದು ಬರೆದಿದ್ದಳು.

ನೋಟು ಹುಡುಗರಿಗೆ ಹಿಡಿಸಿತು. ಮೊದಲ ವಾರ ಕಾಲೇಜಿನ ಅಂಗಳದಲ್ಲಿ ಎಲ್ಲಿ ನೋಡಿದರೂ ಯಾರಾದರೂ ಒಬ್ಬರು ಗಂಭೀರವಾಗಿ ನಿಂತಲ್ಲೇ ಸುತ್ತುತ್ತಿದ್ದರು. ಭಾನುಪ್ರಿಯ ಎಂಬ ಹುಡುಗಿಯಂತೂ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಾ ಸುತ್ತಿದ್ದನ್ನು ನೋಡಿ ಹೂವು ಮಾರುವ ಬೋರಮ್ಮ ಓಡಿ ಬಂದು ಭುಜ ಹಿಡಿದು, ತಲೆ ಸುತ್ತು ಬತ್ತಾ ಐತಾ ಮಗ, ಬೆಳಿಗ್ಗೆ ಏನಾದ್ರೂ ತಿಂದಿದ್ದೀಯಾ ಎಂದು ವಿಚಾರಿಸಿ, ಒಂದು ಬಾಳೆಹಣ್ಣು ಕೈಗಿಟ್ಟಳಂತೆ. ಭಾನುಪ್ರಿಯ ಹಣ್ಣು ತಿಂದು i ಘಾತ ಮೂವತ್ತೊಂಬತ್ತು ಮುಗಿಸಿದಳು.

ಆಮೇಲೆ ಐದು ಮಾರ್ಕಿನ ಕಿರು ಪರೀಕ್ಷೆ. ಧನಲಕ್ಷ್ಮಿ ಆ ದಿನ ರಾಮನಗರಕ್ಕೆ ತರಬೇತಿಗೆ ಹೋಗಿದ್ದರಿಂದ ಭೌತಶಾಸ್ತ್ರದ ಜಬ್ಬಾರ್ ಸರ್ ಪರೀಕ್ಷೆ ನೋಡಿಕೊಂಡರು. ಮಾರನೆಯ ದಿನ ಉತ್ತರ ಪತ್ರಿಕೆ ಕೊಡುತ್ತಾ ಅವರು ಹೇಳಿದ್ದು ಕೇಳಿ ಆಕೆಗೆ ನಗು ಬಂತು. "ಮೇಡಂ, ನಿಮ್ಮ ಮಕ್ಕಳು ಪರೀಕ್ಷೆ ಬರೆದ್ರೋ, ಬಸ್ಸಲ್ಲಿ ಸೀಟು ಹುಡುಕಿದ್ರೋ ನನಗೆ ಗೊತ್ತಾಗಲಿಲ್ಲ. ಒಬ್ಬ ಕತ್ತು ತಿರುಗಿಸ್ತಾನೆ, ಒಬ್ಬ ಅರ್ಧ ಎದ್ದು ತಿರುಗ್ತಾನೆ, ಒಬ್ಬಳು ಪೆನ್ನನ್ನೇ ತಿರುಗಿಸ್ತಾಳೆ. ಹೆಚ್ಚುಕಮ್ಮಿ ಎಲ್ಲಾ ಬಲಗಡೆಗೇ."

ಪತ್ರಿಕೆ ತಿದ್ದುವಾಗ ನಗು ನಿಂತಿತು. i⁵⁰ ಕೇಳಿದ್ದಳು, i⁶⁴ ಕೇಳಿದ್ದಳು, ಎಲ್ಲರದೂ ಸರಿ. i²⁷ ಎಂಬುದಕ್ಕೆ ಹದಿನೇಳು ಮಂದಿ i ಎಂದು ಬರೆದಿದ್ದರು, −i ಬರಬೇಕಿತ್ತು. i⁴¹ಗೆ ಅದೇ ಹದಿನೇಳು ಮಂದಿ −i ಬರೆದಿದ್ದರು, i ಬರಬೇಕಿತ್ತು. 1/i ಎಂಬುದಕ್ಕೂ ಅದೇ ಹದಿನೇಳು ಮಂದಿ, ಅದೇ ತಪ್ಪು. ಸೂತ್ರ ಉರುಹೊಡೆದು ಬಂದಿದ್ದ ಇಪ್ಪತ್ತೆರಡು ಮಂದಿಗೆ ಪೂರ್ತಿ ಐದಕ್ಕೆ ಐದು. ನೋಟು ನಂಬಿದವರಿಗೆ ಎರಡು.

ಅಷ್ಟರಲ್ಲಿ ವಿಷಯ ಪ್ರಿನ್ಸಿಪಾಲ್ ರಾಮಲಿಂಗಯ್ಯನವರ ಕಿವಿಗೆ ಬಿದ್ದಿತ್ತು. ಅವರು ಮೂಲತಃ ಇತಿಹಾಸದವರು, ಎಲ್ಲದಕ್ಕೂ ಸಾಕ್ಷಿ ಬೇಕೆನ್ನುವವರು. ಈ ಸಲ ಸಾಕ್ಷಿ ಮೇಜಿನ ಮೇಲೇ ಇತ್ತು. ಹದಿನೇಳು ಪತ್ರಿಕೆಯಲ್ಲಿ ಮೂರು ತಪ್ಪು, ಮೂರೂ ಒಂದೇ ಥರ, ಜೊತೆಗೆ ಜಬ್ಬಾರ್ ಸರ್ ಕಣ್ಣಾರೆ ಕಂಡ ಕತ್ತು ತಿರುಗಿಸಾಟ. ಸಾಮೂಹಿಕ ನಕಲು ಎಂದು ತೀರ್ಮಾನಿಸಿ, ಹದಿನೇಳು ಜನಕ್ಕೂ ಸೊನ್ನೆ ಕೊಟ್ಟು, ಪೋಷಕರನ್ನು ಕರೆಸಲು ಹದಿನೇಳು ಪತ್ರ ಟೈಪ್ ಮಾಡಿಸಿದ್ದರು. ಶನಿವಾರ ನಾಲ್ಕು ಗಂಟೆಗೆ ಅವು ಅಂಚೆಗೆ ಹೋಗುವುದೆಂದು ಧನಲಕ್ಷ್ಮಿಗೆ ಹೇಳಿ ಕಳಿಸಿದರು.

ಶನಿವಾರ ಬೆಳಿಗ್ಗೆ ಭಾನುಪ್ರಿಯ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಅವಳ ಅಪ್ಪ ಚಿಕ್ಕಹನುಮಯ್ಯ ಕಾಲೇಜಿಗೆ ಸೇರಿಸುವಾಗಲೇ ಒಂದು ಮಾತು ಹೇಳಿದ್ದನಂತೆ, ಒಂದೇ ಒಂದು ದೂರು ಬಂದರೂ ಮಾರನೇ ದಿನದಿಂದ ಮನೆಯಲ್ಲಿರು ಎಂದು. ಅವನು ಆಡಿದ ಮಾತು ಬಿಡುವವನಲ್ಲ. "ನಾವು ಯಾರ್ದೂ ನೋಡಿ ಬರೀಲಿಲ್ಲ ಮೇಡಂ," ಎಂದಳು. "ನೋಟಲ್ಲಿ ಬರ್ದಿದ್ದಂಗೇ ಮಾಡಿದ್ವಿ."

ನೋಟಿನಲ್ಲಿ ತಪ್ಪಿಲ್ಲ ಎಂದು ಧನಲಕ್ಷ್ಮಿಗೆ ಖಾತ್ರಿಯಿತ್ತು. ಆದರೂ ಹುಡುಗಿಯನ್ನು ಒಳಗೆ ಕರೆದು, ಮುಂದೆ ಹೇಳು ಎಂದಳು. ಮಕ್ಕಳು ಏನು ಹೇಳುತ್ತಾರೋ ಪೂರ್ತಿ ಹೇಳಲಿ ಎಂದು ಕಾಯುವುದು ಆಕೆಯ ಅಭ್ಯಾಸ, ನಡುವೆ ಬಾಯಿ ಹಾಕಿದರೆ ತಾನು ಏನು ಕೇಳುತ್ತಿದ್ದೆ ಎಂಬುದೇ ಮರೆತುಹೋಗುತ್ತದೆ ಎಂಬುದೂ ಒಂದು ಕಾರಣ. ಭಾನುಪ್ರಿಯ ಬೆರಳು ತಿರುಚುತ್ತಾ, ಒಂದೇ ಸಲ ತಿರುಗಿದರೂ i ಬದಲು ಮೈನಸ್ i ಬರುತ್ತಿದ್ದುದು ತನಗೂ ಒಂಚೂರು ಅನುಮಾನವಾಗಿತ್ತೆಂದೂ, ಮೇಡಂ ಬರೆದದ್ದು ತಪ್ಪಾಗಿರಲಾರದು, ತನ್ನ ತಲೆಯೇ ಸರಿಯಿಲ್ಲ ಎಂದು ಸುಮ್ಮನಾದೆನೆಂದೂ ಹೇಳಿದಳು.

ಧನಲಕ್ಷ್ಮಿ ಅವಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, i ಘಾತ ಇಪ್ಪತ್ತೇಳು ಮಾಡಿ ತೋರಿಸು ಎಂದಳು. ಅವಳು ನಾಲ್ಕರಿಂದ ಭಾಗಿಸಿದಳು, ಶೇಷ ಮೂರು. ಪೂರ್ವಕ್ಕೆ ನಿಂತಳು. ಕೈ ಮುಗಿದು, ಕಣ್ಣು ಅರ್ಧ ಮುಚ್ಚಿ, ಬಲಕ್ಕೆ ತಿರುಗಿದಳು. ಇನ್ನೊಮ್ಮೆ ಬಲಕ್ಕೆ, ಮತ್ತೊಮ್ಮೆ ಬಲಕ್ಕೆ. ಮುಖ ಉತ್ತರಕ್ಕೆ ಬಂತು. "i," ಎಂದಳು.

"ಬಲಕ್ಕೆ ಯಾಕೆ ತಿರುಗ್ತೀಯೇ?"

ಭಾನುಪ್ರಿಯ ಮೇಡಂ ಮುಖವನ್ನೇ ನೋಡಿದಳು. ಮರೆವು ಇಷ್ಟರ ಮಟ್ಟಿಗೆ ಬಂದಿದೆಯೇ ಎಂಬ ಕನಿಕರ ಆ ನೋಟದಲ್ಲಿತ್ತು. "ಪ್ರದಕ್ಷಿಣೆನ ಎಡಕ್ಕೆ ಹಾಕ್ತಾರಾ ಮೇಡಂ?"

ಧನಲಕ್ಷ್ಮಿ ಅಲ್ಲೇ ಕಟ್ಟೆಯ ಮೇಲೆ ಕೂತಳು. ಪ್ರತಿ ಶನಿವಾರ ಮಾಗಡಿಯದೇ ತಿರುಮಲೆಯ ರಂಗನಾಥಸ್ವಾಮಿ ಗುಡಿಗೆ ಹೋಗಿ ಪ್ರದಕ್ಷಿಣೆ ಹಾಕುವವಳು ಆಕೆ. ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತಬೇಕು ಎಂಬುದನ್ನು ನೆನಪಿಡಬೇಕಾದ ಅಗತ್ಯವೇ ಬಂದಿರಲಿಲ್ಲ, ಕಾಲಿಗೇ ಗೊತ್ತಿತ್ತು. ಬೋರ್ಡಿನ ಮೇಲೆ ಪಾಠ ಮಾಡುವಾಗ ಕೈ ಪೂರ್ವದಿಂದ ಉತ್ತರದ ಕಡೆಗೆ, ಅಂದರೆ ಎಡಕ್ಕೇ, ಬಾಣ ಎಳೆದಿತ್ತು. ನೋಟಿನಲ್ಲಿ ಬಾಣ ಇರಲಿಲ್ಲ, ಪ್ರದಕ್ಷಿಣೆ ಇತ್ತು. ಕೈಗೆ ಒಂದು ಗೊತ್ತಿತ್ತು, ಕಾಲಿಗೆ ಇನ್ನೊಂದು ಗೊತ್ತಿತ್ತು, ಬರೆಯುವಾಗ ಎರಡನ್ನೂ ಯಾರೂ ಕೇಳಿರಲಿಲ್ಲ.

ಆದರೆ ನೋಟು ಓದಿ ತಿರುಗಿದವರು ಹದಿನೆಂಟು ಮಂದಿ. ಹದಿನೆಂಟನೆಯವನಾದ ಉಜೈರ್‌ಗೆ ಐದಕ್ಕೆ ಐದು ಬಂದಿತ್ತು. ಅವನನ್ನು ಕರೆಸಿ ತಿರುಗು ಎಂದರೆ ಅವನು ಸಲೀಸಾಗಿ ಎಡಕ್ಕೆ ತಿರುಗಿದ. ಪ್ರದಕ್ಷಿಣೆ ಅಂದರೆ ಹೇಗೆ ಸುತ್ತೋದು ಅಂತ ತನಗೆ ಗೊತ್ತಿರಲಿಲ್ಲವೆಂದೂ, ಮನೆಯಲ್ಲಿ ನಾನಾ ಅವರನ್ನು, ಅಂದರೆ ತಾಯಿಯ ತಂದೆಯನ್ನು, ಕೇಳಿದೆನೆಂದೂ ಹೇಳಿದ. ಅವನ ನಾನಾ ಹಿಂದಿನ ವರ್ಷ ಹಜ್ ಯಾತ್ರೆ ಮುಗಿಸಿ ಬಂದವರು. ಅಲ್ಲಿ ಕಾಬಾ ಎಡಭುಜದ ಕಡೆಗೆ ಇರುವ ಹಾಗೆ ಸುತ್ತುತ್ತಾರೆ, ದೇವರ ಸುತ್ತು ಅಂದರೆ ನನಗೆ ಗೊತ್ತಿರುವುದು ಅದೊಂದೇ ಎಂದಿದ್ದರಂತೆ. "ಅದನ್ನೇ ಮಾಡ್ದೆ ಮೇಡಂ. ತಪ್ಪಾಯ್ತಾ?"

"ಇಲ್ಲಪ್ಪ," ಎಂದಳು ಧನಲಕ್ಷ್ಮಿ. "ನಿಮ್ಮ ನಾನಾ ಅವರಿಗೆ ನಾನು ನಮಸ್ಕಾರ ಹೇಳಿದೆ ಅಂತ ಹೇಳು."

ಎರಡು ಗಂಟೆಗೆ ಆಕೆ ಪ್ರಿನ್ಸಿಪಾಲರ ಕೋಣೆಗೆ ಹೋದಳು. ರಾಮಲಿಂಗಯ್ಯನವರು ಪೂರ್ತಿ ಕೇಳಿದರು, ಆದರೆ ನಂಬಲಿಲ್ಲ. ಮಕ್ಕಳ ಮೇಲಿನ ಮಮತೆಯಿಂದ ಕಟ್ಟಿದ ಕತೆ ಎಂದುಕೊಂಡರು. ದೇವರು, ದಿಕ್ಕು, ಹಜ್ ಯಾತ್ರೆ ಎಲ್ಲವೂ ಗಣಿತದ ಪತ್ರಿಕೆಯೊಳಗೆ ಬಂದದ್ದು ಅವರಿಗೆ ಸರಿ ಕಾಣಲಿಲ್ಲ. ಸಾಕ್ಷಿ ಏನಿದೆ ಎಂದರು.

ಧನಲಕ್ಷ್ಮಿ ಹೇಳಿದಳು: ಬಲಕ್ಕೆ ತಿರುಗಿದವರಿಗೆ ಬರುವ ಉತ್ತರ ಯಾವಾಗಲೂ ಸರಿಯುತ್ತರದ ಕಾಂಜುಗೇಟ್, ಅಂದರೆ ನೀರಿನಲ್ಲಿ ಕಂಡ ಬಿಂಬ. ಉತ್ತರ, ದಕ್ಷಿಣ ಅದಲುಬದಲಾಗುತ್ತವೆ. ಪೂರ್ವ, ಪಶ್ಚಿಮ ನೀರಿನ ಗೆರೆಯ ಮೇಲೇ ಇರುವುದರಿಂದ ಹಾಗೇ ಉಳಿಯುತ್ತವೆ. ಆದ್ದರಿಂದ ಆ ಹದಿನೇಳು ಜನರಲ್ಲಿ ಯಾರಿಗೆ ಬೇಕಾದರೂ, ಒಬ್ಬೊಬ್ಬರಿಗೆ ಬೇರೆ ಬೇರೆ ಘಾತ ನೀವೇ ಕೊಡಿ, ಒಬ್ಬರು ಇನ್ನೊಬ್ಬರನ್ನು ನೋಡುವ ಹಾಗೇ ಇಲ್ಲ. ಅವರು ಒಳಗೆ ಬರುವ ಮೊದಲೇ ಯಾವ ತಪ್ಪು ಹೇಳುತ್ತಾರೆ ಎಂದು ನಾನು ಚೀಟಿಯಲ್ಲಿ ಬರೆದಿಡುತ್ತೇನೆ.

"ನಕಲು ಮಾಡೋರ ತಪ್ಪನ್ನ ಮುಂಚೇನೇ ಹೇಳೋಕಾಗಲ್ಲ ಸಾರ್," ಎಂದಳು. "ನಂಬಿ ಮಾಡೋರ ತಪ್ಪನ್ನ ಹೇಳಬಹುದು."

ರಾಮಲಿಂಗಯ್ಯನವರಿಗೆ ಇದು ಹಿಡಿಸಿತು. ಸಂಖ್ಯೆ ಕೊಡಿ ಎಂದದ್ದೇ ತಡ, ಇತಿಹಾಸದವರ ಬಾಯಲ್ಲಿ ಇಸವಿ ಬಿಟ್ಟು ಬೇರೆ ಏನು ಬಂದೀತು. ಮೊದಲನೆಯದು ಕೆಂಪೇಗೌಡರು ಬೆಂಗಳೂರಿಗೆ ಕೋಟೆ ಕಟ್ಟಿಸಿದ ವರ್ಷ, 1537. ಧನಲಕ್ಷ್ಮಿ ಚೀಟಿ ಬರೆದು ಮಡಚಿ ಪೇಪರ್‌ವೇಟಿನ ಕೆಳಗಿಟ್ಟಳು. ಇಷ್ಟು ಬೇಗ ಹೇಗೆ ಭಾಗಿಸಿದಿರಿ ಎಂದು ಅವರು ಕೇಳಿದರು. ನೂರು ನಾಲ್ಕರಿಂದ ಭಾಗವಾಗುತ್ತದೆ, ಕೊನೆಯ ಎರಡು ಅಂಕಿ ನೋಡಿದರೆ ಸಾಕು ಎಂದಳು.

ಭಾನುಪ್ರಿಯ ಒಳಗೆ ಬಂದು, ಹಾಳೆಯ ಮೇಲೆ ಭಾಗಿಸಿ, ಶೇಷ ಒಂದು ಎಂದು ಬರೆದಳು. ಪೂರ್ವಕ್ಕೆ ಬೀರು ಇತ್ತು. ಬೀರುವಿಗೆ ಎದುರಾಗಿ ಕೈಮುಗಿದು ಒಂದು ಸಲ ಬಲಕ್ಕೆ ತಿರುಗಿ ದಕ್ಷಿಣದ ಕಿಟಕಿ ನೋಡಿದಳು. "ಮೈನಸ್ i ಸಾರ್." ಪ್ರಿನ್ಸಿಪಾಲರು ಚೀಟಿ ಬಿಚ್ಚಿದರು. ಮೈನಸ್ i.

ಚೈತನ್ಯನಿಗೆ ಶ್ರೀರಂಗಪಟ್ಟಣ ಬಿದ್ದ ವರ್ಷ, 1799. ಶೇಷ ಮೂರು. ಅವನು ಉದ್ದನೆಯ ಹುಡುಗ, ಮೂರನೇ ಸುತ್ತಿಗೆ ಮೊಣಕೈ ತಾಗಿ ಮೇಜಿನ ಮೇಲಿದ್ದ ಪುಟ್ಟ ಧ್ವಜ ಬಿತ್ತು. ಧ್ವಜ ಎತ್ತಿ ಇಟ್ಟು, ಅಡ್ಡಾದಿಡ್ಡಿಯಾಗಿ ನಿಂತು, "i" ಎಂದ. ಚೀಟಿಯಲ್ಲೂ i. ನರೇಂದ್ರನಿಗೆ ಸಂವಿಧಾನ ಜಾರಿಗೆ ಬಂದ ವರ್ಷ, 1950. ಶೇಷ ಎರಡು. ಮೈನಸ್ ಒಂದು ಎಂದ, ಚೀಟಿಯಲ್ಲೂ ಮೈನಸ್ ಒಂದು. ಇದು ಸರಿಯೋ ತಪ್ಪೋ ಎಂದು ಪ್ರಿನ್ಸಿಪಾಲರು ಗಡಿಬಿಡಿಯಾದರು. ಇದು ಸರಿ, ಎಡಕ್ಕೆ ಹೋದರೂ ಬಲಕ್ಕೆ ಹೋದರೂ ಅರ್ಧ ಸುತ್ತಿಗೆ ಒಂದೇ ಜಾಗ ಎಂದಳು ಧನಲಕ್ಷ್ಮಿ. ಇನ್ನೂ ಮೂವರು ಬಂದರು, ಮೂವರದೂ ಚೀಟಿಯಲ್ಲಿದ್ದದ್ದೇ. ಕೊನೆಗೆ ಉಜೈರ್‌ನನ್ನೂ ಕರೆಸಿ 1947 ಕೊಟ್ಟರು. ಅವನು ಮೂರು ಸಲ ಎಡಕ್ಕೆ ತಿರುಗಿ, ಕಿಟಕಿ ನೋಡುತ್ತಾ ಮೈನಸ್ i ಎಂದ. ಈ ಚೀಟಿಯಲ್ಲಿ "ಮೈನಸ್ i, ಸರಿ" ಎಂದು ಬರೆದಿತ್ತು.

ರಾಮಲಿಂಗಯ್ಯನವರು ಚೀಟಿಗಳನ್ನು ಸಾಲಾಗಿ ಜೋಡಿಸಿ ನೋಡಿದರು. ಅವರಿಗೆ ಆಗ ಒಂದು ಹೊಳೆಯಿತು. "ಹಂಗಾದ್ರೆ ಲೀಪ್ ಇಯರ್ ಎಲ್ಲಾ ಒಂದೇ ಕಣಮ್ಮ. ವಿಜಯನಗರ ಕಟ್ಟಿದ ಹದಿಮೂರು ನೂರ ಮೂವತ್ತಾರೂ ಒಂದೇ, ಏಕೀಕರಣದ ಐವತ್ತಾರೂ ಒಂದೇ." ಹೌದು ಸಾರ್ ಎಂದಳು. ನಲವತ್ತು ವರ್ಷ ಗಣಿತಕ್ಕೆ ಹೆದರಿಕೊಂಡೇ ಬದುಕಿದವರು ಈಗ ಇಸವಿಯ ಮೇಲೆ ಇಸವಿ ಹೇಳಿ ತಾವೇ ಉತ್ತರ ಹುಡುಕತೊಡಗಿದರು. ಧನಲಕ್ಷ್ಮಿ ಗಡಿಯಾರ ನೋಡಿದಳು. ಮೂರೂವರೆ. ಪತ್ರಗಳ ಕಟ್ಟು ಇನ್ನೂ ಮೇಜಿನ ತುದಿಯಲ್ಲಿತ್ತು.

"ಸಾರ್, ಪತ್ರ," ಎಂದಳು.

ಅವರು ಕಟ್ಟನ್ನು ಎತ್ತಿ, ಒಂದೊಂದಾಗಿ ಹರಿದು ಬುಟ್ಟಿಗೆ ಹಾಕಿದರು. ಚಿಕ್ಕಹನುಮಯ್ಯನ ಹೆಸರಿನದು ಹರಿಯುವುದನ್ನು ಬಾಗಿಲ ಹೊರಗಿಂದ ಭಾನುಪ್ರಿಯ ಬಗ್ಗಿ ನೋಡುತ್ತಿದ್ದಳು. ಸೊನ್ನೆ ತೆಗೆದುಹಾಕುವುದು, ಸೋಮವಾರ ಹದಿನೇಳು ಜನಕ್ಕೂ ಮತ್ತೆ ಪರೀಕ್ಷೆ ಎಂದು ತೀರ್ಮಾನವಾಯಿತು. ಅದೂ ಯಾಕೆ, ತಪ್ಪು ನಮ್ಮದಲ್ಲವಲ್ಲ, ಐದಕ್ಕೆ ಐದು ಕೊಟ್ಟುಬಿಡಿ ಎಂದು ಬಾಗಿಲಿನಿಂದ ಒಂದು ಸಣ್ಣ ಬೇಡಿಕೆ ಬಂತು. ತಪ್ಪು ಯಾರದ್ದಾದರೂ ಉತ್ತರ ತಪ್ಪೇ ತಾನೆ ಎಂದು ಧನಲಕ್ಷ್ಮಿ ಒಪ್ಪಲಿಲ್ಲ. ದೇವರಿಗೆ ನೀವು ಬಲಕ್ಕೇ ಸುತ್ತಿ, ಬೇಡ ಅನ್ನಲ್ಲ, ಪ್ರಪಂಚದ ಗಣಿತದವರೆಲ್ಲ ಸೇರಿ ಎಡಕ್ಕೆ ಎಂದು ಮಾತಾಡಿಕೊಂಡಿದ್ದಾರೆ, ಎಲ್ಲರೂ ಬಲಕ್ಕೆ ಅಂದುಕೊಂಡಿದ್ದರೂ ಲೆಕ್ಕ ಕೆಡುತ್ತಿರಲಿಲ್ಲ, ಒಬ್ಬೊಬ್ಬರು ಒಂದೊಂದು ಕಡೆ ತಿರುಗಬಾರದು, ಅಷ್ಟೇ ಎಂದಳು.

ಒಂದು ಕೆಲಸ ಉಳಿದಿತ್ತು. ನಕಲು ಎಂದು ರಿಜಿಸ್ಟರಿನಲ್ಲಿ ಆಗಲೇ ಬರೆದಾಗಿತ್ತು. ಬರೆದದ್ದನ್ನು ಹೊಡೆದರೆ ಪಕ್ಕದಲ್ಲಿ ಕಾರಣ ಬರೆಯಬೇಕು, ಅದು ನಿಯಮ. ರಾಮಲಿಂಗಯ್ಯನವರು ಗೆರೆ ಎಳೆದು ಪೆನ್ನು ಹಿಡಿದು ಕೂತರು. ಉಪನ್ಯಾಸಕಿಯ ತಪ್ಪು ಎಂದು ಬರೆಯಿರಿ ಎಂದಳು ಆಕೆ. ಅವರಿಗೆ ಮನಸ್ಸು ಬರಲಿಲ್ಲ. ಹತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ ಈಕೆಯ ಹೆಸರಿನ ಮುಂದೆ ಅಂಥದ್ದೊಂದು ಬಂದಿರಲಿಲ್ಲ. ಬಹಳ ಹೊತ್ತು ಯೋಚಿಸಿ, ದುಂಡಗಿನ ಅಕ್ಷರದಲ್ಲಿ "ಪ್ರದಕ್ಷಿಣೆಯಿಂದ ಉಂಟಾದ ದೋಷ" ಎಂದು ಬರೆದರು. ಓದಿ ನೋಡಿದರು. ಮೇಲಿನ ಅಧಿಕಾರಿಗಳು ಯಾರಾದರೂ ನೋಡಿದರೆ ಕಾಲೇಜಿಗೆ ಯಾವುದೋ ಗ್ರಹಚಾರ ಹಿಡಿದಿದೆ ಎಂದುಕೊಂಡಾರು ಎನಿಸಿತು.

ಧನಲಕ್ಷ್ಮಿ ಪೆನ್ನು ಇಸಿದುಕೊಂಡಳು. ಅವರು ಬರೆದದ್ದನ್ನು ಹೊಡೆಯಲಿಲ್ಲ. ಅದರ ಮುಂದೆ "ನೋಟಿನಲ್ಲಿ ಎಡಕ್ಕೆ ಎಂದು ಬರೆಯಲು ನಾನು ಮರೆತದ್ದರಿಂದ" ಎಂದು ಸೇರಿಸಿ ಸಹಿ ಹಾಕಿದಳು. ತಾರೀಕು ಎಷ್ಟು ಎಂದು ಮಾತ್ರ ಬಾಗಿಲಲ್ಲಿದ್ದ ಭಾನುಪ್ರಿಯಳನ್ನು ಕೇಳಬೇಕಾಯಿತು.